ಉಂಡ ಮನೆಗೆ ಒಂದು ಓಲೆ

ಊಟಕ್ಕೆ ಕರೆದವರ ಮನೆಯಲ್ಲಿ ಉಂಡು ಬಂದ ತರುವಾಯ ಅವರಿಗೆ ಪತ್ರ ಬರೆದು ಉಪಕಾರವನ್ನು ಸ್ಮರಿಸುವ ರೂಢಿಯು ನಮ್ಮ ಸಂಸಾರಗಳಲ್ಲಿ ಹಿಂದಿನಿಂದ ನಡೆದು ಬಂದುದಲ್ಲ. ಎಲೆಯ ಮುಂದೆ ಕುಳಿತ ಹಿರಿಯರು ಕಡೆಯಲ್ಲಿ "ಅನ್ನದಾತಾ ಸುಖೀಭವ" ಎಂದು ಹರಸಿ ಏಳುತ್ತಿದ್ದರು. ಹೆಂಗಸರು ಕುಂಕುಮ ತೆಗೆದುಕೊಂಡು, ಚಿಕ್ಕವರು ದೊಡ್ಡವರಿಗೆ ನಮಸ್ಕರಿಸಿ, "ಹೋಗಿ ಬರುತ್ತೇವೆ" ಎಂದರೆ ಅಲ್ಲಿಗೆ ಎಲ್ಲವನ್ನೂ ಹೇಳಿದಂತೆಯೇ ಆಗುತ್ತಿದ್ದಿತು. ಆ ಮನೆಯ ಪಾತ್ರೆಯಲ್ಲಿ ಏನಾದರೂ ನಮ್ಮ ಮನೆಗೆ ಬಂದಿದ್ದರೆ ಅದನ್ನು ಬರಿದಾಗಿ ಹಿಂದಕ್ಕೆ ಕಳುಹಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನಾದರೂ, ನಾಲ್ಕು ನಿಂಬೆಹಣ್ಣನ್ನಾದರೂ ಹಾಕಿ ಕಳುಹಿಸುತ್ತಿದ್ದರು. ಬಾಯಿಬಿಟ್ಟು "ಧನ್ಯವಾದ" ಎಂದು ಹೇಳುವುದು ಆಪ್ತರ ನಡುವೆ ಕೊಂಚ ಪರಕೀಯವಾಗಿಯೇ ತೋರುತ್ತಿದ್ದಿತು. ಇಂದಿಗೂ ಅಕ್ಕನ ಮನೆಯಲ್ಲಿ ಉಂಡು ಎದ್ದವನು ಹಾಗೆ ಹೇಳಿದರೆ, "ಇದೇನೋ, ನಾವು ಯಾವಾಗ ಬೇರೆಯವರಾದೆವು?" ಎಂದು ಅವಳು ಕೇಳದೆ ಇರಲಾರಳು.

ಇಂಗ್ಲಿಷರಲ್ಲಿ ಈ ಪತ್ರವು ಶಿಷ್ಟಾಚಾರದ ಒಂದು ಅಂಗವೇ ಆಗಿದೆ. ಆತಿಥ್ಯ ಪಡೆದವರು ಬರೆಯುವ ಓಲೆಗೆ "ಬ್ರೆಡ್ ಅಂಡ್ ಬಟರ್ ಪತ್ರ" ಎಂಬ ವಿನೋದದ ಹೆಸರೂ ಉಂಟು. ಆದರೆ ರೂಢಿಯಿದ್ದ ಮಾತ್ರಕ್ಕೆ ಪತ್ರವು ಒಳ್ಳೆಯದಾಗಬೇಕೆಂದಿಲ್ಲ. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ "ಪ್ರೈಡ್ ಅಂಡ್ ಪ್ರೆಜುಡಿಸ್" ಕಾದಂಬರಿಯಲ್ಲಿ ಕಾಲಿನ್ಸ್ ಎಂಬ ಪಾದ್ರಿಯೊಬ್ಬನಿದ್ದಾನೆ. ಬಂಧುಗಳ ಮನೆಯಲ್ಲಿ ಕೆಲವು ದಿನ ಇದ್ದು ಹೋದವನು, ತಾನು ಮಾತು ಕೊಟ್ಟಿದ್ದಂತೆ ಮನೆಯ ಯಜಮಾನನ ಹೆಸರಿಗೆ ಕೃತಜ್ಞತೆಯ ಪತ್ರವನ್ನು ಬರೆಯುತ್ತಾನೆ. ಒಂದು ವರ್ಷ ಆ ಮನೆಯ ಅನ್ನ ಉಂಡವನಂತೆ ಗಂಭೀರವಾಗಿ ಮೊದಲು ಉಪಕಾರವನ್ನು ಸ್ಮರಿಸಿ, ಆ ಮೇಲೆ ನೆರೆಮನೆಯ ಹುಡುಗಿಯೊಡನೆ ತನಗೆ ನಿಶ್ಚಯವಾದ ಮದುವೆಯ ಸಂಭ್ರಮವನ್ನು ಬಣ್ಣಿಸಿ, ಅವಳನ್ನು ನೋಡುವುದಕ್ಕಾಗಿಯೇ ತಾನು ಮತ್ತೆ ಬರುವುದಾಗಿ ತಿಳಿಸುತ್ತಾನೆ. ಪತ್ರವು ಉಪಕಾರದ್ದೆಂಬುದು ಹೆಸರಿಗೆ ಮಾತ್ರ. ಅದರಲ್ಲಿ ತುಂಬಿರುವುದೆಲ್ಲ ಬರೆದವನ ಸುದ್ದಿಯೇ. ಅನ್ಯರ ರೂಢಿಯನ್ನು ನಾವು ತೆಗೆದುಕೊಳ್ಳುವುದಾದರೆ ಅದರ ಈ ದೋಷವನ್ನೂ ಕೂಡಿಸಿ ತೆಗೆದುಕೊಳ್ಳಬೇಕಾಗಿಲ್ಲ.

ಹೀಗಿರಲು ನಾವೇ ಈಚೆಗೆ ಅಂತಹ ಒಂದು ಪತ್ರವನ್ನು ಬರೆಯಬೇಕಾಗಿ ಬಂದಿತು. ಒಂದು ಪುಟದ ಆ ಪತ್ರಕ್ಕೆ ನಮಗೆ ಮೂರು ದಿನಗಳು ಹಿಡಿದವು. ಅಷ್ಟು ದಿನಗಳು ಏಕೆ ಹಿಡಿದವೆಂಬುದನ್ನು ವಾಚಕರ ಮುಂದೆ ಇಡುವುದೇ ಈ ತಿಂಗಳ ನಮ್ಮ ಲೇಖನದ ಉದ್ದೇಶ.

ನಮ್ಮ ತಂದೆಯವರಿಗೆ ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ತಗುಲಿತು. ಮಾತು ಬೇಗನೆ ಮರಳಿತು. ಕಾಲೂ ಊರುಗೋಲಿನ ಆಸರೆಯಲ್ಲಿ ನಡೆಯುವಷ್ಟು ಸುಧಾರಿಸಿತು. ಬಲಗೈ ಮಾತ್ರ ಮರಳಲಿಲ್ಲ. ಅಂದಿನಿಂದ ಅವರು ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕಾಗಿದೆ. ನಮ್ಮ ಕಡೆಯಲ್ಲಿ ಎಡಗೈಯಲ್ಲಿ ಉಣ್ಣುವುದೆಂದರೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಮಕ್ಕಳು ಎಡಗೈಯನ್ನು ತಟ್ಟೆಗೆ ಚಾಚಿದೊಡನೆ ಗದರಿಸಿ ಬೆಳೆಸಿದ ಕೈಯೇ ಅವರದು. ಒಂದು ಮದುವೆಯ ಪಂಕ್ತಿಯಲ್ಲಿ ಎದುರು ಕುಳಿತಿದ್ದ ಹುಡುಗನೊಬ್ಬನು, "ಆ ತಾತ ಯಾಕೆ ಎಡಗೈಯಲ್ಲಿ ತಿನ್ನುತ್ತಾರೆ?" ಎಂದು ಗಟ್ಟಿಯಾಗಿ ಕೇಳಿಬಿಟ್ಟನು. ಅವನ ತಾಯಿ ಅವನ ಬಾಯನ್ನು ಮುಚ್ಚಿದಳು. ಆದರೆ ಆಗಲೇ ಇಡೀ ಸಾಲು ತಿರುಗಿ ನೋಡಿಯಾಗಿದ್ದಿತು. ನಮ್ಮ ತಂದೆಯವರು ಎಲೆಯನ್ನು ಬಿಟ್ಟು ಎದ್ದರು. ಆ ದಿನದಿಂದ ಮುಂದೆ ಅವರು ಬೇರೆ ಯಾರ ಮನೆಯಲ್ಲಿಯೂ ಉಂಡವರಲ್ಲ. ನಮ್ಮ ಮನೆಯಲ್ಲಿಯೂ ಅತಿಥಿಗಳು ಬಂದರೆ "ನನಗೆ ಹಸಿವಿಲ್ಲ" ಎಂದು ಕೋಣೆಯ ಬಾಗಿಲನ್ನು ಮುಂದಕ್ಕೆ ಹಾಕಿಕೊಳ್ಳುವರು.

ಅವರನ್ನು ವೈದ್ಯರಿಗೆ ತೋರಿಸುವುದಕ್ಕಾಗಿ ನಾವು ಮೈಸೂರಿಗೆ ಹೋಗಬೇಕಾಗಿದ್ದಿತು. ಅಲ್ಲಿರುವ ನಮ್ಮ ಹಳೆಯ ಸ್ನೇಹಿತರು ಈ ಸಂಗತಿಯನ್ನು ಕೇಳಿ, ರಾತ್ರಿ ತಮ್ಮ ಮನೆಯಲ್ಲಿಯೇ ಊಟ ಮಾಡಿ ತಂಗಿ, ಬೆಳಗಿನ ಗಾಡಿಗೆ ಹೋಗಬೇಕೆಂದು ದೂರವಾಣಿಯಲ್ಲಿ ಒತ್ತಾಯ ಮಾಡಿದರು. ನಾವು ತಡವರಿಸಿ, "ತಂದೆಯವರು ರಾತ್ರಿ ಬರಿಯ ಹಾಲು ತೆಗೆದುಕೊಳ್ಳುತ್ತಾರೆ, ಅವರಿಗೆ ಏನೂ ಮಾಡಿಸಬೇಡಿ" ಎಂದೆವು. ಆಗ ಸ್ನೇಹಿತರ ಪತ್ನಿ, ನಾವು ಅತ್ತಿಗೆಯೆಂದು ಕರೆಯುವವರು, ಉಪಕರಣವನ್ನು ಗಂಡನ ಕೈಯಿಂದ ತೆಗೆದುಕೊಂಡು ನಮ್ಮ ಮನೆಯಾಕೆಯನ್ನು ಕರೆಯಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಮಾವನವರಿಗೆ ನುಂಗುವುದಕ್ಕೆ ಗಟ್ಟಿಯಾಗಿರುವುದು ಅನುಕೂಲವೋ, ತೆಳ್ಳಗಿರುವುದೋ?" ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ ನೀರಿನಂತೆ ತೆಳ್ಳಗಿರುವ ಪದಾರ್ಥವೇ ಗಂಟಲಿನಲ್ಲಿ ತಪ್ಪಿ ಕೆಮ್ಮು ಬರಿಸುತ್ತದೆ, ಕೊಂಚ ಮಂದವಾಗಿದ್ದರೆ ಸುಲಭವಾಗಿ ಇಳಿಯುತ್ತದೆ. ನಮ್ಮಾಕೆ ಹಾಗೆಂದು ಹೇಳಿದಳು. ಆ ಮೇಲೆ ಇಬ್ಬರೂ ಮಕ್ಕಳ ಪರೀಕ್ಷೆಯ ವಿಷಯವನ್ನು ಮಾತನಾಡಿದರು. ನಾವು ಆ ಪ್ರಶ್ನೆಯನ್ನು ಮರೆತೇಬಿಟ್ಟೆವು.

ರಾತ್ರಿ ಎಂಟು ಗಂಟೆಗೆ ಎಲ್ಲರನ್ನೂ ಊಟದ ಮೇಜಿಗೆ ಕರೆದರು. ಆರು ಜನ ಕುಳಿತುಕೊಳ್ಳಬೇಕಾಗಿದ್ದಿತು. ಆರು ಜನರ ಮುಂದೆಯೂ ಒಂದೇ ತೆರನಾದ, ಅಂಚು ಎತ್ತರವಾಗಿರುವ ಅಗಲವಾದ ಬಟ್ಟಲುಗಳೂ, ಪ್ರತಿಯೊಂದರ ಪಕ್ಕದಲ್ಲಿ ಒಂದೊಂದು ಚಮಚವೂ ಇದ್ದವು. ಬಾಳೆಯ ಎಲೆಯಾಗಲಿ ತಟ್ಟೆಯಾಗಲಿ ಇರಲಿಲ್ಲ. ಒಂದೊಂದು ಬಟ್ಟಲಿನ ಕೆಳಗೂ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಮಡಿಸಿ ಹಾಕಿದ್ದರು. ನಾವು ಅದನ್ನು ನೋಡುತ್ತಿರುವುದನ್ನು ಕಂಡು ಅತ್ತಿಗೆಯವರು, "ಮೇಜು ಹೊಸದು, ಗೀರು ಬಿದ್ದರೆ ಇವರು ನನ್ನನ್ನು ಬಿಡುವುದಿಲ್ಲ" ಎಂದು ನಕ್ಕರು. ತಂದೆಯವರಿಗೆ, "ಮಾವ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ" ಎಂದು, ತಮ್ಮ ಎಡಕ್ಕೆ ಬೇರೆ ಯಾರೂ ಬಾರದ ಮೂಲೆಯ ಕುರ್ಚಿಯನ್ನು ತೋರಿಸಿದರು. "ನನಗೆ ಹಾಲು ಸಾಕಮ್ಮ" ಎಂದು ಅವರು ಹೇಳುವಷ್ಟರಲ್ಲಿಯೇ ಎಲ್ಲರ ಬಟ್ಟಲಿಗೂ ಬಡಿಸಿಯಾಗಿದ್ದಿತು.

ಬಿಸಿಬೇಳೆ ಹುಳಿಯನ್ನ; ತರಕಾರಿಗಳನ್ನು ಹುರುಳಿಕಾಯಿಯೂ ಸೇರಿ ಚಮಚಕ್ಕೆ ಹಿಡಿಯುವಂತೆ ಸಣ್ಣಗೆ ಹೆಚ್ಚಿದ್ದಿತು. ಜೊತೆಗೆ ಸೌತೆಕಾಯಿಯ ಮೊಸರುಬಜ್ಜಿ, ಆ ಮೇಲೆ ಹೆಸರುಬೇಳೆಯ ಪಾಯಸ, ಚಮಚದಿಂದ ಸೋರದಷ್ಟು ಮಂದವಾಗಿ, ಕಡೆಯಲ್ಲಿ ಮೊಸರನ್ನ. ಇಷ್ಟೇ. ಹೋಳಿಗೆಗೆ ಹೆಸರಾದ ಮನೆಯದು, ಅಂದು ಹೋಳಿಗೆಯಿಲ್ಲ. ಎರಡು ಕೈಗಳಿಂದಾಗಲಿ ಬೆರಳುಗಳಿಂದಾಗಲಿ ಮುರಿದು ತಿನ್ನಬೇಕಾದ ಪದಾರ್ಥವೇ ಇರಲಿಲ್ಲ. ಲೋಟದಲ್ಲಿ ಕುಡಿಯುವ ಸಾರೂ ಇರಲಿಲ್ಲ. ಸಾಮಾನ್ಯವಾಗಿ ಅತಿಥಿಯ ಬಳಿ ನಿಂತು "ಇನ್ನೊಂದು ಸ್ವಲ್ಪ" ಎಂದು ಬಲವಂತ ಮಾಡುವ ಅತ್ತಿಗೆಯವರು, ಆ ದಿನ ಹುಳಿಯನ್ನದ ಪಾತ್ರೆಯನ್ನು ಸೌಟಿನೊಡನೆ ತಂದೆಯವರ ಎಡಗಡೆಗೆ ಇಟ್ಟು, ತಾವೂ ಕುಳಿತು, ಮಗಳ ಶಾಲೆಯ ಕಥೆಯನ್ನು ಹೇಳತೊಡಗಿದರು.

ತಂದೆಯವರು ಮೊದಲು ಸುತ್ತಲೂ ಒಮ್ಮೆ ನೋಡಿದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ; ಎಲ್ಲರೂ ಚಮಚಗಳಲ್ಲಿ ಉಣ್ಣುತ್ತಿದ್ದರು. ಅವರೂ ಚಮಚವನ್ನೆತ್ತಿದರು. ಸ್ವಲ್ಪ ಹೊತ್ತಿಗೆ ಸೌಟನ್ನು ತಾವೇ ಹಿಡಿದು ಇನ್ನೊಮ್ಮೆ ಬಡಿಸಿಕೊಂಡರು. ಪಾಯಸದ ವೇಳೆಗೆ, ತಾವು ಹುಡುಗರಾಗಿದ್ದಾಗ ಸೊಂಟಕ್ಕೆ ಒಣಸೋರೆ ಬುರುಡೆಯನ್ನು ಕಟ್ಟಿಕೊಂಡು ಕಾವೇರಿಯಲ್ಲಿ ಈಜು ಕಲಿತ ಕಥೆಯನ್ನು ಆ ಮನೆಯ ಮಕ್ಕಳಿಗೆ ಹೇಳುತ್ತಿದ್ದರು. ಆ ಕಥೆಯನ್ನು ನಾವು ಎರಡು ವರ್ಷಗಳಿಂದ ಕೇಳಿರಲಿಲ್ಲ.

ಮಾರನೆಯ ದಿನ ಬೆಂಗಳೂರಿಗೆ ಬರುವ ಗಾಡಿಯಲ್ಲಿ, ಮದ್ದೂರು ದಾಟಿದ ಮೇಲೆ, ಅವರು ಕಿಟಕಿಯ ಕಡೆ ತಿರುಗಿ ಕುಳಿತೇ ಹೇಳಿದರು: "ಆ ಮನೆಯಲ್ಲಿ ಯಾರೂ ನನ್ನ ಕೈಯನ್ನು ನೋಡಲಿಲ್ಲ." ಆಗ ನಮಗೂ ನಮ್ಮಾಕೆಗೂ ದೂರವಾಣಿಯ ಪ್ರಶ್ನೆ, ಎತ್ತರದ ಅಂಚಿನ ಬಟ್ಟಲು, ಜಾರದಂತೆ ಹಾಕಿದ ಒದ್ದೆ ಬಟ್ಟೆ, ಮೂಲೆಯ ಕುರ್ಚಿ, ಹೋಳಿಗೆಯಿಲ್ಲದ ಊಟ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ಮೇಜಿಗೆ ಗೀರು ಬೀಳುವ ಮಾತು ಬರಿಯ ನೆಪವಾಗಿದ್ದಿತು.

ಊರು ಸೇರಿದ ರಾತ್ರಿಯೇ ನಾವು ಪತ್ರ ಬರೆಯಲು ಕುಳಿತೆವು. ಸುಖವಾಗಿ ಬಂದು ಸೇರಿದೆವೆಂಬ ಸುದ್ದಿಯನ್ನು ನಿಲ್ದಾಣದಿಂದಲೇ ಮೊಬೈಲಿನಲ್ಲಿ ಕಳುಹಿಸಿದ್ದೆವು. ಆದರೆ ಅದು "ಹೋಗಿ ಬರುತ್ತೇವೆ" ಎನ್ನುವ ಮಾತಿಗೆ ಸಮಾನವೇ ಹೊರತು, ಹೇಳಬೇಕಾದುದು ಅದರಲ್ಲಿ ಬಂದಿರಲಿಲ್ಲ. ಮೊದಲನೆಯ ಪತ್ರವು ಸರಾಗವಾಗಿ ಹರಿಯಿತು. ಸ್ನೇಹಿತರ ಹೆಸರಿಗೆ ಬರೆದೆವು. ತಮ್ಮ ಆದರಾತಿಥ್ಯಕ್ಕೆ ಅನಂತ ಧನ್ಯವಾದಗಳು. ಹುಳಿಯನ್ನವು ಅಮೃತ, ಮೊಸರುಬಜ್ಜಿಯು ಅಪೂರ್ವ, ಪಾಯಸವನ್ನು ವರ್ಣಿಸಲು ಪದಗಳಿಲ್ಲ. ನಮ್ಮಿಂದ ತಮಗೆಲ್ಲ ಬಹಳ ತೊಂದರೆಯಾಯಿತು, ಕ್ಷಮಿಸಬೇಕು. ತಾವು ಸಕುಟುಂಬರಾಗಿ ಮುಂದಿನ ತಿಂಗಳು ನಮ್ಮಲ್ಲಿಗೆ ಊಟಕ್ಕೆ ಬರಲೇಬೇಕು. ಓದಿ ನೋಡಿದರೆ ಒಂದು ಪುಟ ತುಂಬಿದ್ದಿತು.

ನಮ್ಮಾಕೆಗೆ ತೋರಿಸಿದೆವು. ಆಕೆ ಓದಿ, "ಚೆನ್ನಾಗಿದೆ. ಮೇಲಿನ ಹೆಸರು ತೆಗೆದು, ಪಾಯಸದ ಬದಲು ಶ್ಯಾವಿಗೆ ಎಂದು ಬರೆದರೆ, ಹೋದ ವರ್ಷ ಉಂಡ ಮನೆಗೂ ಕಳುಹಿಸಬಹುದು" ಎಂದಳು.

ವಾಚಕರೇ, ಇಂತಹ ಪತ್ರವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಂಡಿಲ್ಲ. ಮೇಲಿನ ಹೆಸರನ್ನು ಬದಲಿಸಿ ಮತ್ತೊಂದು ಮನೆಗೆ ಕಳುಹಿಸಬಹುದಾದರೆ ಆ ಪತ್ರವು ಆ ಮನೆಗೆ ಬರೆದುದಲ್ಲ. ನಮ್ಮ ಪತ್ರದ ಒಂದೊಂದು ವಾಕ್ಯವನ್ನೂ ಆ ಒರೆಗೆ ಹಚ್ಚಿ ನೋಡಿದೆವು. ಅಡಿಗೆಗಳ ಪಟ್ಟಿಯು ಮೊದಲು ಉದುರಿತು. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ನಮ್ಮಲ್ಲಿದೆ; ಹೊಗಳುವುದಕ್ಕಾಗಿಯೇ ಆದರೂ ಪದಾರ್ಥಗಳನ್ನು ಎಣಿಸುತ್ತ ಹೋಗುವುದು ಅದಕ್ಕೆ ದೂರದ ನೆಂಟನೇ ಎಂದು ನಮಗೆ ತೋರಿತು. ಆ ಅಡಿಗೆಯು ರುಚಿಯಾಗಿದ್ದಿತೆಂಬುದು ನಿಜ. ಆದರೆ ಅತ್ತಿಗೆಯವರು ಅದನ್ನು ಆರಿಸಿದ್ದುದು ರುಚಿಗಾಗಿ ಅಲ್ಲ. ಎರಡನೆಯದಾಗಿ, ತೊಂದರೆಗಾಗಿ ಕ್ಷಮೆ ಬೇಡಿದ ವಾಕ್ಯ. ತಮ್ಮ ಶ್ರಮವು ಯಾರಿಗೂ ಕಾಣಬಾರದೆಂದು ಅಷ್ಟೊಂದು ಜಾಣತನ ಮಾಡಿದವರಿಗೆ, "ನಿಮಗೆ ತೊಂದರೆಯಾಯಿತು" ಎಂದು ಬರೆದರೆ ಅವರ ಪ್ರಯತ್ನವು ಸೋತಿತೆಂದು ಹೇಳಿದಂತಾಗುವುದು. ಮೂರನೆಯದು ಮರುಕರೆ. ಅದೇ ಪತ್ರದಲ್ಲಿ ಊಟಕ್ಕೆ ಊಟವೆಂದು ಕರೆದರೆ ಸಾಲ ತೀರಿಸುವ ಅವಸರದಂತೆ ಕಾಣುವುದು. ಕರೆಯಬಾರದೆಂದಲ್ಲ, ಅದಕ್ಕೆ ಬೇರೆ ದಿನ ಬೇರೆ ಮಾತು ಇರಬೇಕು. ಕಡೆಯದಾಗಿ ಹೆಸರು. ಕರೆದವರು ಸ್ನೇಹಿತರೇ ಆದರೂ ಯೋಚಿಸಿದವರು ಅತ್ತಿಗೆ. ಯಜಮಾನರ ಹೆಸರಿಗೆ ಬರೆದು "ಮನೆಯವರಿಗೂ ತಿಳಿಸಿ" ಎನ್ನುವುದು ನಮ್ಮ ಹಳೆಯ ಅಭ್ಯಾಸ. ಅದರಿಂದ ಉಪಕಾರದ ಮಾತು, ಅದು ಸಲ್ಲಬೇಕಾದವರನ್ನು ಬಾಯಿಮಾತಾಗಿ, ಅರ್ಧ ಸವೆದು ಮುಟ್ಟುತ್ತದೆ.

ಆದುದರಿಂದ ಎರಡನೆಯ ದಿನ ಅತ್ತಿಗೆಯವರ ಹೆಸರಿಗೇ ಬರೆದೆವು. ಈ ಸಲ ಎಲ್ಲವನ್ನೂ ಇದ್ದುದು ಇದ್ದಂತೆ ಬಿಚ್ಚಿ ಬರೆದೆವು: ತಂದೆಯವರು ಎಡಗೈಯಲ್ಲಿ ಉಣ್ಣುವ ಸಂಕೋಚ, ಮದುವೆಯ ಮನೆಯ ಅವಮಾನ, ಅವರು ಎಲ್ಲರಿಗೂ ಚಮಚ ಇಟ್ಟುದು, ಬಟ್ಟೆ ಹಾಸಿದುದು, ಕುರ್ಚಿ ಆರಿಸಿದುದು, ಇವೆಲ್ಲವನ್ನೂ ನಾವು ಅರಿತುಕೊಂಡೆವೆಂದು. ಇದನ್ನು ಬೇರೆ ಯಾವ ಮನೆಗೂ ಕಳುಹಿಸುವಂತಿರಲಿಲ್ಲ. ನಮ್ಮಾಕೆಯ ಒರೆಗಲ್ಲಿನಲ್ಲಿ ಅದು ಗೆದ್ದಿತು. ಆದರೂ ಕವರಿಗೆ ಹಾಕಲು ಕೈ ಬರಲಿಲ್ಲ. ಆ ಮನೆಯಲ್ಲಿ ಬಂದ ಪತ್ರವನ್ನು ಗಟ್ಟಿಯಾಗಿ ಓದುವ ಪದ್ಧತಿಯುಂಟು, ಮಕ್ಕಳೂ ಕೇಳುವರು. ಈಜಿನ ಕಥೆ ಹೇಳಿದ ತಾತನು ಅವರಿಗೆ ಆ ಕ್ಷಣದಿಂದ ಕೈಯಿಲ್ಲದ ತಾತನಾಗುವನು. ಅತ್ತಿಗೆಯವರು ಮುಚ್ಚಿಟ್ಟುದನ್ನು ನಾವು ಉಪಕಾರಸ್ಮರಣೆಯ ಹೆಸರಿನಲ್ಲಿ ಬಯಲಿಗೆ ಎಳೆದಂತಾಗುವುದು.

ಇಲ್ಲಿಯೇ ಈ ವಿಷಯದ ಕಷ್ಟವೆಲ್ಲ ಇರುವುದು. ನಿಜವಾಗಿ ನಮ್ಮನ್ನು ಬರಮಾಡಿಕೊಂಡವರು ತಾವು ಮಾಡಿದುದನ್ನು ಬಹುಮಟ್ಟಿಗೆ ಮರೆಯಾಗಿಯೇ ಮಾಡಿರುತ್ತಾರೆ. ಅದನ್ನು ಹೇಳದೆ ಬಿಟ್ಟರೆ ಪತ್ರವು ಟೊಳ್ಳು. ಹೇಳಿಬಿಟ್ಟರೆ ಅವರು ಎಳೆದ ತೆರೆ ಹರಿಯುವುದು. ಬಹಳ ಹೊತ್ತು ಯೋಚಿಸಿದ ಮೇಲೆ ನಮಗೆ ಒಂದು ದಾರಿ ತೋರಿತು. ಅವರು ಏನು ಮಾಡಿದರೆಂಬುದನ್ನು ಬಿಟ್ಟು, ಅದರಿಂದ ನಮ್ಮಲ್ಲಿ ಏನಾಯಿತೆಂಬುದನ್ನು ಮಾತ್ರ ಬರೆಯಬೇಕು. ಮಾಡಿದವರಿಗೆ ಅಷ್ಟು ಸಾಕು; ಬಿತ್ತಿದವರಿಗೆ ಪೈರಿನ ಸುದ್ದಿ ತಿಳಿಸಿದರೆ ಬೀಜದ ಲೆಕ್ಕವನ್ನು ಹೇಳಬೇಕಾಗಿಲ್ಲ.

ಆದರೆ ಆದ ಸಂಗತಿಯು ನಮ್ಮ ತಂದೆಯವರದು. ಅವರನ್ನು ಕೇಳದೆ ಅದನ್ನು ಬರೆಯುವ ಅಧಿಕಾರ ನಮಗೆ ಎಲ್ಲಿಯದು? ಮೂರನೆಯ ದಿನ ಬೆಳಿಗ್ಗೆ ಅವರ ಬಳಿ ಕುಳಿತು, ಗಾಡಿಯಲ್ಲಿ ಅವರು ಆಡಿದ ಮಾತನ್ನು ಪತ್ರದಲ್ಲಿ ಬರೆಯಬಹುದೇ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಡ. ಅದು ನಿಮಗೆ ಹೇಳಿದ್ದು. ಎರಡು ಸಲ ಬಡಿಸಿಕೊಂಡರು ಎಂದು ಬರೆ, ಆಕೆಗೆ ಗೊತ್ತಾಗುತ್ತದೆ" ಎಂದರು. ಮತ್ತೆ ನಾವು ಏಳುವಾಗ, "ಕೆಳಗೆ ಸ್ವಲ್ಪ ಜಾಗ ಬಿಡು" ಎಂದರು.

ಹೀಗೆ ಮೂರನೆಯ ಪತ್ರವು ಸಿದ್ಧವಾಯಿತು. ಅತ್ತಿಗೆಯವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಬಿಟ್ಟು, ಅದನ್ನು ಇಲ್ಲಿ ಕೊಡುತ್ತೇವೆ.

"ಸೌ. ಅತ್ತಿಗೆಯವರಿಗೆ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಬರೆಯಬೇಕು.

ಸೋಮವಾರ ರಾತ್ರಿ ನಿಮ್ಮ ಮನೆಯ ಮೇಜಿನಲ್ಲಿ ಕುಳಿತುದು ನಮ್ಮ ಮನೆಯಲ್ಲಿ ಇನ್ನೂ ಮಾತಿಗೆ ಬರುತ್ತಿದೆ. ನಮ್ಮ ತಂದೆಯವರು ಹುಳಿಯನ್ನವನ್ನು ಎರಡು ಸಲ ಬಡಿಸಿಕೊಂಡರು. ನಮ್ಮ ಕಣ್ಣಿಗೆ ಅದು ಬಿದ್ದಿತು, ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಕಾವೇರಿಯಲ್ಲಿ ಈಜಿದ ಕಥೆಯನ್ನು ನಾವು ಚಿಕ್ಕಂದಿನಲ್ಲಿ ನೂರು ಸಲ ಕೇಳಿ ಬೇಸತ್ತವರು. ನಡುವೆ ಎರಡು ವರ್ಷ ಕೇಳಿರಲಿಲ್ಲ. ಮೊನ್ನೆ ನಿಮ್ಮ ಮಕ್ಕಳ ನಡುವೆ ಕೇಳಿದಾಗ ಅದು ಹೊಸದಾಗಿದ್ದಿತು. ಸೋರೆ ಬುರುಡೆ ಒಡೆದ ಪ್ರಸಂಗವನ್ನು ಅವರು ಹೇಳುವುದು ಬಾಕಿಯಿದೆಯೆಂದು ಚಿರಂಜೀವಿಗಳಿಗೆ ತಿಳಿಸಿರಿ.

ನೆನ್ನೆ ರಾತ್ರಿ ಅವರು ಕೋಣೆಯಿಂದ ಹೊರಗೆ ಬಂದು ನಮ್ಮೊಡನೆ ಕುಳಿತು ಉಂಡರು. ಇದನ್ನು ನಿಮಗೆ ತಿಳಿಸಬೇಕೆಂದೇ ಈ ಪತ್ರ.

ನಿಮ್ಮ ಹೊಸ ಮೇಜಿಗೆ ಎಲ್ಲಿಯೂ ಗೀರು ಬಿದ್ದಿಲ್ಲವೆಂದು ನಂಬಿದ್ದೇವೆ.

ಇತಿ ನಿಮ್ಮ ವಿಶ್ವಾಸಿಗಳು."

ತಂದೆಯವರು ಹಳೆಯ ವೃತ್ತಪತ್ರಿಕೆಯ ಅಂಚಿನಲ್ಲಿ ಅರ್ಧ ಗಂಟೆ ಎಡಗೈಯಲ್ಲಿ ಅಕ್ಷರಗಳನ್ನು ತೀಡಿ ನೋಡಿ, ಆ ಮೇಲೆ ನಾವು ಬಿಟ್ಟಿದ್ದ ಜಾಗದಲ್ಲಿ ಬರೆದರು: "ಪಾಯಸ ಇನ್ನೂ ನಾಲಗೆಯ ಮೇಲಿದೆ. ಮತ್ತೆ ಬರುತ್ತೇನೆ." ಅಕ್ಷರಗಳು ಒಂದನೆಯ ತರಗತಿಯ ಹುಡುಗನದರಂತೆ ದೊಡ್ಡದಾಗಿ, ಇಳಿಜಾರಾಗಿ ಇದ್ದವು. ಅದು ಯಾವ ಕೈಯ ಬರಹವೆಂಬುದು ನೋಡಿದವರಿಗೆ ತಿಳಿಯುವಂತಿದ್ದಿತು. ತಿಳಿಸಬೇಕೆಂದು ಅವರೇ ಇಚ್ಛಿಸಿದುದರಿಂದ ನಾವು ಏನೂ ಹೇಳಲಿಲ್ಲ.

ಪತ್ರದ ಕಡೆಯ ವಾಕ್ಯದ ವಿಷಯವಾಗಿ ಒಂದು ಮಾತು. ಮೇಜಿನ ಗೀರಿನ ನೆಪವನ್ನು ನಾವು ಅರಿತೆವೆಂಬುದನ್ನು ಅತ್ತಿಗೆಯವರಿಗೆ ಹೇಗಾದರೂ ತಿಳಿಸಬೇಕಾಗಿದ್ದಿತು. ಅವರ ನೆಪವನ್ನೇ ಅವರಿಗೆ ಹಿಂದಿರುಗಿಸಿದರೆ ಅವರೊಬ್ಬರಿಗೆ ಅರ್ಥವಾಗುವುದು. ಪಕ್ಕದಲ್ಲಿ ಕುಳಿತು ಕೇಳುವ ಮಕ್ಕಳಿಗೆ ಅದು ಬರಿಯ ಮೇಜಿನ ಸುದ್ದಿ. ಇಡೀ ಪತ್ರದಲ್ಲಿ "ಧನ್ಯವಾದ" ಎಂಬ ಶಬ್ದ ಬಂದಿಲ್ಲವೆಂಬುದನ್ನೂ ವಾಚಕರು ಗಮನಿಸಿರಬಹುದು. ಬೇಕೆಂದೇ ಬಿಟ್ಟುದಲ್ಲ, ಬರೆದು ಮುಗಿಸಿದ ಮೇಲೆ ನೋಡಿದರೆ ಅದಕ್ಕೆ ಎಡೆಯೇ ಇರಲಿಲ್ಲ.

ಕಾಲದ ವಿಷಯದಲ್ಲಿಯೂ ನಮಗೆ ಈ ಮೂರು ದಿನಗಳು ಒಂದು ಪಾಠವನ್ನು ಕಲಿಸಿದವು. ಉಂಡ ರಾತ್ರಿಯೇ ಬರೆದ ಪತ್ರದಲ್ಲಿ ಹೊಟ್ಟೆಯು ಮಾತನಾಡುತ್ತದೆ. ವಿಶೇಷಣಗಳು ಹೆಚ್ಚಾಗಿ ಸಂಗತಿಗಳು ಕಡಿಮೆಯಾಗುತ್ತವೆ. ಎರಡು ವಾರ ಕಳೆದರೆ ಪತ್ರದ ಮೊದಲ ಅರ್ಧವು ತಡವಾದುದಕ್ಕೆ ಕ್ಷಮಾಪಣೆಯಾಗಿ, ಓದುವವರಿಗೆ ನಮ್ಮ ಸೋಮಾರಿತನವೇ ಮುಖ್ಯ ವಿಷಯವಾಗುವುದು. ಆ ಊಟದಿಂದ ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ನೋಡುವಷ್ಟು ಬಿಡುವು ಬೇಕು. ಅಡಿಗೆಯ ಪರಿಮಳ ಮರೆಯುವಷ್ಟು ಬೇಡ. ನಾವು ಮೊದಲನೆಯ ರಾತ್ರಿಯ ಪತ್ರವನ್ನೇ ಕಳುಹಿಸಿದ್ದರೆ, ತಂದೆಯವರು ಕೋಣೆಯಿಂದ ಹೊರಗೆ ಬಂದು ಉಂಡ ಸುದ್ದಿಯು ಅದರಲ್ಲಿ ಇರುತ್ತಲೇ ಇರಲಿಲ್ಲ, ಏಕೆಂದರೆ ಆಗ ಅದು ನಡೆದೇ ಇರಲಿಲ್ಲ. ಅಂಚೆ ಕಾರ್ಡನ್ನು ಬಿಟ್ಟು ಮುಚ್ಚಿದ ಕವರಿನಲ್ಲಿ ಕಳುಹಿಸಿದುದೂ ಆಲೋಚಿಸಿಯೇ; ಕಾರ್ಡಿನ ಬರಹವನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ತಂದೆಯವರ ಎಡಗೈಯ ಅಕ್ಷರಗಳು ಅವರಿಗಾಗಿ ಬರೆದವಲ್ಲ.

ಎಲ್ಲ ಊಟಕ್ಕೂ ಇಂತಹ ಪತ್ರ ಬೇಕೆಂದು ನಮ್ಮ ಅಭಿಪ್ರಾಯವಲ್ಲ. ನಿತ್ಯವೂ ಹೋಗಿ ಬರುವ ಮನೆಗೆ ಪತ್ರ ಬರೆದರೆ ಅವರು ಗಾಬರಿಯಾಗುವರು. ಊಟವು ಚೆನ್ನಾಗಿದ್ದು ಅದಕ್ಕಿಂತ ಹೆಚ್ಚಾಗಿ ಏನೂ ಇಲ್ಲದಿದ್ದಾಗ, ಹೊರಡುವಾಗ ಅಡಿಗೆಯ ಮನೆಯ ಬಾಗಿಲಿಗೆ ಹೋಗಿ ಮಾಡಿದವರ ಎದುರಿಗೇ ಒಂದು ಒಳ್ಳೆಯ ಮಾತನ್ನಾಡಿದರೆ ಸಾಕು; ಪತ್ರವು ಆ ಮಾತನ್ನು ಹಿಗ್ಗಿಸಿ ತೆಳ್ಳಗೆ ಮಾಡುವುದು. ಮನೆಗೆ ಬಂದ ಮೇಲೆಯೂ ಬಿಡದೆ ಕಾಡುವ ಒಂದು ಸಂಗತಿಯಿದ್ದರೆ ಮಾತ್ರ ಲೇಖನಿಯನ್ನು ಹಿಡಿಯತಕ್ಕದ್ದು; ಹಿಡಿದ ಮೇಲೆ ಆ ಒಂದು ಸಂಗತಿಯನ್ನೇ ಬರೆಯತಕ್ಕದ್ದು.

ಪತ್ರಕ್ಕೆ ಉತ್ತರವಾಗಿ ಪತ್ರ ಬರಲಿಲ್ಲ. ಒಂದು ವಾರದ ಮೇಲೆ ಅತ್ತಿಗೆಯವರ ಕರೆ ಬಂದಿತು. ನಮ್ಮನ್ನು ಕೇಳದೆ ನೇರವಾಗಿ, "ಮಾವನವರಿಗೆ ಕೊಡಿ" ಎಂದರು. ಇವರು ಕಿವಿಗೆ ಹಿಡಿದು ಬಹಳ ಹೊತ್ತು ನಗುತ್ತ ಮಾತನಾಡಿದರು. ಏನೆಂದು ನಾವು ಕೇಳಿದ್ದಕ್ಕೆ, "ಬುರುಡೆ ಒಡೆದದ್ದು ಹೇಗೆಂದು ಮಕ್ಕಳು ಜಗಳವಾಡುತ್ತಿದ್ದಾರಂತೆ" ಎಂದಷ್ಟೇ ಹೇಳಿದರು.

ಎರಡು ತಿಂಗಳ ಮೇಲೆ ಅವರೆಲ್ಲರೂ ಒಂದು ಮದುವೆಗಾಗಿ ಬೆಂಗಳೂರಿಗೆ ಬಂದಾಗ ನಮ್ಮಲ್ಲಿ ಊಟಕ್ಕೆ ಉಳಿದರು. ನಮ್ಮಾಕೆ ಹಿಂದಿನ ದಿನವೇ ಪೇಟೆಗೆ ಹೋಗಿ ಅಂಚು ಎತ್ತರವಾಗಿರುವ ಬಟ್ಟಲುಗಳನ್ನು ಮನೆಮಂದಿಗೂ ಅತಿಥಿಗಳಿಗೂ ಆಗುವಷ್ಟು ತಂದಿದ್ದಳು. ಎಲ್ಲರಿಗೂ ಚಮಚಗಳನ್ನು ಇಟ್ಟು, ಕೆಳಗೆ ಒದ್ದೆ ಬಟ್ಟೆಗಳನ್ನು ಮಡಿಸಿ ಹಾಕಿದಳು. ನಮ್ಮ ಮೇಜು ಇಪ್ಪತ್ತು ವರ್ಷಗಳದು, ಗೀರುಗಳಿಗೆ ಲೆಕ್ಕವಿಲ್ಲ. ಅತ್ತಿಗೆಯವರು ಅದನ್ನೂ ಬಟ್ಟೆಗಳನ್ನೂ ನೋಡಿ, ನಮ್ಮಾಕೆಯ ಮುಖವನ್ನು ನೋಡಿ, ಏನೂ ಮಾತನಾಡದೆ ಕುಳಿತುಕೊಂಡರು. ತಂದೆಯವರು ಕೋಣೆಯಿಂದ ತಾವಾಗಿಯೇ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತು, "ಎಲ್ಲಿಗೆ ನಿಲ್ಲಿಸಿದ್ದೆ ಕಥೆಯನ್ನು?" ಎಂದು ಮಕ್ಕಳನ್ನು ಕೇಳಿದರು.